ಕಾಫಿ, ಕ್ಯಾಲ್ಸಿಯಂ ಮತ್ತು ಇಳಿಯದ ಟಿಎಸ್‌ಎಚ್

ನನಗೆ 38 ವರ್ಷ, ತೂಕ 60 ಕೆ.ಜಿ. ಐದು ತಿಂಗಳಿಂದ ಥೈರಾಯ್ಡ್ ಮಾತ್ರೆ ತಗೊಳ್ತಿದ್ದೇನೆ. 50ರಿಂದ ಶುರುವಾಗಿ 75 ಆಯ್ತು, ಈಗ 100 ಮೈಕ್ರೋಗ್ರಾಂ. ಆದರೂ ಟಿಎಸ್‌ಎಚ್ 9 ಇದೆ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಗೇ ನುಂಗ್ತೀನಿ, ಒಂದು ದಿನವೂ ತಪ್ಪಿಸಿಲ್ಲ. ಆರೂಕಾಲಿಗೆ ಕಾಫಿ, ಎಂಟಕ್ಕೆ ತಿಂಡಿ, ತಿಂಡಿ ಆದ ಕೂಡಲೇ ಐರನ್ ಮತ್ತು ಕ್ಯಾಲ್ಸಿಯಂ ಮಾತ್ರೆ. 125 ಮಾಡೋಣ ಅಂತಿದ್ದಾರೆ ಡಾಕ್ಟ್ರು. ಮಾಡಬಹುದಾ?

ಈಗಲೇ ಬೇಡ. ಈ ಪತ್ರದಲ್ಲಿರುವ ಸಮಯಗಳನ್ನೆಲ್ಲ ಹಾಗೇ ನಿಮ್ಮ ಡಾಕ್ಟರಿಗೂ ಹೇಳಿ. ಬಹುಶಃ ಅವರು ಕೇಳಿಲ್ಲ, ನೀವೂ ಹೇಳಿಲ್ಲ. ಪ್ರತಿ ವಾರ ಇಂಥದೇ ಪ್ರಶ್ನೆ ಬರುತ್ತದೆ. ಮಾತ್ರೆಯ ಬಾಟಲಿ ಕೊಡುವಾಗ 'ಖಾಲಿ ಹೊಟ್ಟೆಗೆ' ಎಂದಷ್ಟೇ ಹೇಳಿ ಕಳಿಸುವುದು ನನಗೆ ಸಿಟ್ಟು ತರಿಸುತ್ತದೆ.

ಮೊದಲು ಲೆಕ್ಕ ನೋಡಿ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಲದಿದ್ದಾಗ ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದವರಿಗೂ ದಿನಕ್ಕೆ ಬೇಕಾಗುವುದು ಒಂದು ಕೆ.ಜಿ. ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ. ನಿಮ್ಮ 60 ಕೆ.ಜಿ.ಗೆ ಅದು 96. ಅಂದರೆ 100 ನಿಮಗೆ ಹೆಚ್ಚುಕಮ್ಮಿ ಪೂರ್ತಿ ಡೋಸ್. ಅಷ್ಟು ನುಂಗಿಯೂ ಟಿಎಸ್‌ಎಚ್ ಇಳಿಯುತ್ತಿಲ್ಲ ಅಂದರೆ, ನುಂಗಿದ್ದೆಲ್ಲ ರಕ್ತ ಸೇರುತ್ತಿಲ್ಲ ಎಂದು ಮೊದಲು ಅನುಮಾನ ಪಡಬೇಕು.

ಮಾತ್ರೆಯಲ್ಲಿರುವ ಹಾರ್ಮೋನು ಸಣ್ಣ ಕರುಳಿನಲ್ಲಿ ನಿಧಾನವಾಗಿ ಒಳಗೆ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿದ್ದಾಗಲೂ ಪೂರ್ತಿ ಹೋಗುವುದಿಲ್ಲ, ನೂರರಲ್ಲಿ ಅರವತ್ತರಿಂದ ಎಂಬತ್ತು ಭಾಗ ಮಾತ್ರ. ಹದಿನೈದು ನಿಮಿಷಕ್ಕೇ ಕಾಫಿ ಬಿದ್ದರೆ ಅದರಲ್ಲೂ ಕಡಿತ. ಹಾಲು ಹಾಕದ ಬರೀ ಡಿಕಾಕ್ಷನ್ ಆದರೂ ಅಷ್ಟೇ, ಹಾಗಾಗಿ 'ನಾನು ಕುಡಿಯೋದು ಬ್ಲ್ಯಾಕ್ ಕಾಫಿ' ಎನ್ನುವ ಸಮಜಾಯಿಷಿ ನಡೆಯುವುದಿಲ್ಲ. ಐರನ್ ಮತ್ತು ಕ್ಯಾಲ್ಸಿಯಂ ಇನ್ನೂ ಜಾಸ್ತಿ ತೊಂದರೆ ಕೊಡುತ್ತವೆ. ಅವು ಕರುಳಿನಲ್ಲೇ ಹಾರ್ಮೋನಿಗೆ ಅಂಟಿಕೊಂಡು ಅದನ್ನು ಹೊರಗೆ ಸಾಗಿಸಿಬಿಡುತ್ತವೆ. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ನಿಮ್ಮಲ್ಲಿ ಎರಡೂವರೆ ಗಂಟೆಯೂ ಇಲ್ಲ. ಅಸಿಡಿಟಿಗೆ ಅಂತ ಕುಡಿಯುವ ಸಿರಪ್ಪಿಗೂ ಇದೇ ನಿಯಮ.

ನಾಳೆಯಿಂದ ಹೀಗೆ ಮಾಡಿ. ಆರಕ್ಕೆ ಬರೀ ನೀರಿನಲ್ಲಿ ಮಾತ್ರೆ. ಕಾಫಿ ಏಳಕ್ಕೆ. ತಿಂಡಿ ಎಂಟಕ್ಕೆ ಇರಲಿ. ಐರನ್ ಮಧ್ಯಾಹ್ನದ ಊಟದ ಹೊತ್ತಿಗೆ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ.

ಎದ್ದ ಕೂಡಲೇ ಕಾಫಿ ಬೇಕೇ ಬೇಕು ಅನ್ನುವವರು ಮಾತ್ರೆಯನ್ನು ರಾತ್ರಿಗೆ ಹಾಕಿಕೊಳ್ಳಲಿ. ಏಳೂವರೆಗೆ ಊಟ ಮುಗಿದರೆ ಹತ್ತೂವರೆಗೆ, ಮಲಗುವಾಗ. ಊಟವಾಗಿ ಮೂರು ಗಂಟೆ ಆಗಿರಬೇಕು, ಮಧ್ಯೆ ಹಾಲು ಕುಡಿಯಬಾರದು. ಆಗ ಐರನ್ ಬೆಳಿಗ್ಗೆ ತಿಂಡಿ ಆದಮೇಲೆ, ಕ್ಯಾಲ್ಸಿಯಂ ಮಧ್ಯಾಹ್ನ. ರಾತ್ರಿ ಹತ್ತಕ್ಕೆ ಊಟ ಮಾಡುವ ಮನೆಯವರಿಗೆ ಈ ದಾರಿ ಹೇಳುವುದಿಲ್ಲ. ಬೆಳಿಗ್ಗೆಯೋ ರಾತ್ರಿಯೋ ಒಂದನ್ನು ಆರಿಸಿಕೊಳ್ಳಿ. ದಿನಕ್ಕೊಂದು ಹೊತ್ತು ಬೇಡ.

ಸಮಯ ಸರಿಮಾಡಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿ, ಅದಕ್ಕೆ ಮುಂಚೆ ಬೇಡ. ಮಾತ್ರೆಯ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಯಾವ ಬದಲಾವಣೆಯೂ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿದರೆ ಅರ್ಧ ದಾರಿಯ ಅಂಕಿ ಸಿಗುತ್ತದೆ. ಅದನ್ನು ನೋಡಿ ಡೋಸ್ ಬದಲಿಸುವುದು ತಪ್ಪು.

125 ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಕಾಫಿ, ಕ್ಯಾಲ್ಸಿಯಂ ಜೊತೆಗೇ 125ಕ್ಕೆ ಏರಿಸಿದರೆ ಟಿಎಸ್‌ಎಚ್ ಇಳಿಯಬಹುದು, ಎಲ್ಲರಿಗೂ ಸಮಾಧಾನ ಆಗಬಹುದು. ಆಮೇಲೊಂದು ದಿನ ನೀವು ಕ್ಯಾಲ್ಸಿಯಂ ಮುಗಿಯಿತೆಂದು ನಿಲ್ಲಿಸುತ್ತೀರಿ. ಆಗ 125ರ ಬಹುಪಾಲು ಒಳಗೆ ಹೋಗುತ್ತದೆ. ಎದೆ ಡವಡವ, ಕೈ ನಡುಕ, ಸೆಕೆ, ನಿದ್ದೆ ಬರದಿರುವುದು ಶುರುವಾಗುತ್ತದೆ, ಟಿಎಸ್‌ಎಚ್ 0.1ಕ್ಕೆ ಕುಸಿಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಹೃದಯದ ಬಡಿತದ ಲಯ ತಪ್ಪಬಹುದು, ಮೂಳೆ ಸವೆಯುತ್ತದೆ. ಈಗಿನ 100 ಕೂಡ ಪೂರ್ತಿ ಒಳಗೆ ಹೋದಾಗ ನಿಮಗೆ ಜಾಸ್ತಿ ಎನಿಸಬಹುದು. ಮೇಲೆ ಹೇಳಿದ ಲಕ್ಷಣ ಕಂಡರೆ ಎಂಟು ವಾರ ಕಾಯಬೇಡಿ, ಡಾಕ್ಟರನ್ನು ನೋಡಿ. ಮಾತ್ರೆ ಮುರಿದು ನೀವೇ ಕಡಿಮೆ ಮಾಡಬೇಡಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ಟಿಎಸ್‌ಎಚ್ ಇಳಿಯದಿದ್ದರೆ ಆಗ ಹೊಟ್ಟೆ, ಕರುಳಿನ ತೊಂದರೆ ಹುಡುಕಬೇಕು. ಬಾಟಲಿ ಎಲ್ಲಿದೆ ಅಂತಲೂ ನೋಡಿ. ಒಲೆ ಪಕ್ಕದ ಶೆಲ್ಫಿನಲ್ಲೋ ಬಿಸಿಲು ಬೀಳುವ ಕಿಟಕಿಯಲ್ಲೋ ಇಟ್ಟ ಮಾತ್ರೆ ಸತ್ವ ಕಳೆದುಕೊಳ್ಳುತ್ತದೆ.

ಮಾತ್ರೆ ಮರೆತರೆ ಮಾರನೇ ದಿನ ಎರಡು ತಗೋಬಹುದಾ?

ಬೇಡ. ಅದೇ ದಿನ ನೆನಪಾದರೆ, ಊಟವಾಗಿ ಮೂರು ಗಂಟೆ ಕಳೆದ ಮೇಲೆ ತಗೊಳ್ಳಿ. ಮಾರನೇ ದಿನ ನೆನಪಾದರೆ ಅವತ್ತಿನದು ಒಂದೇ. ಒಂದು ದಿನ ತಪ್ಪಿದ್ದಕ್ಕೆ ಗಾಬರಿ ಬೇಕಿಲ್ಲ, ಹಿಂದಿನ ದಿನಗಳ ಹಾರ್ಮೋನು ರಕ್ತದಲ್ಲಿ ಇದ್ದೇ ಇರುತ್ತದೆ. ಎರಡು ನುಂಗಿದರೂ ಏನೂ ಆಗುವುದಿಲ್ಲ ಎನ್ನುವ ಡಾಕ್ಟರುಗಳೂ ಇದ್ದಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ನಾನಂತೂ ಆ ಮಾತು ಹೇಳುವುದಿಲ್ಲ. ವಾರಗಟ್ಟಲೆ ಬಿಟ್ಟಿದ್ದರೆ ಡಾಕ್ಟರಿಗೆ ಹೇಳಿ ಮತ್ತೆ ಶುರುಮಾಡಿ. ತಿಂಗಳಿಡೀ ಬಿಟ್ಟು, ಪರೀಕ್ಷೆಗೆ ನಾಲ್ಕು ದಿನ ಇರುವಾಗ ಸರಿಯಾಗಿ ನುಂಗುವವರ ರಿಪೋರ್ಟು ನೋಡಿದರೆ ಗೊತ್ತಾಗುತ್ತದೆ: ಮಾತ್ರೆಯಿಂದ ಬರುವ ಹಾರ್ಮೋನು ಟಿ4 ಚೆನ್ನಾಗಿರುತ್ತದೆ, ಟಿಎಸ್‌ಎಚ್ ಮಾತ್ರ ಏರಿಯೇ ಇರುತ್ತದೆ. ಬಿಟ್ಟಿದ್ದರೆ ಬಿಟ್ಟಿದ್ದೆ ಅನ್ನಿ. ಇಲ್ಲದಿದ್ದರೆ ಸುಮ್ನೆ ಡೋಸ್ ಏರುತ್ತದೆ.

ರಕ್ತ ಕೊಡುವ ದಿನ ಮಾತ್ರೆ ತಗೋಬೇಕಾ?

ರಕ್ತ ಕೊಟ್ಟು ಬಂದ ಮೇಲೆ ತಗೊಳ್ಳಿ. ನುಂಗಿದ ಕೆಲವು ಗಂಟೆ ಟಿ4 ಏರಿರುತ್ತದೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಕೆಲವು ಲ್ಯಾಬ್‌ಗಳ ಯಂತ್ರದಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಎಲೆಕೋಸು, ಹೂಕೋಸು ಬಿಡಬೇಕಾ?

ಬೇಯಿಸಿ ತಿನ್ನಿ.

ಒಬ್ಬರು ಪುಡಿ ಕೊಟ್ಟು, ಮೂರು ತಿಂಗಳಲ್ಲಿ ಬೇರುಸಹಿತ ವಾಸಿ, ಮಾತ್ರೆ ಬಿಡಿ ಅಂದರು. ಎರಡು ವಾರ ಆಯ್ತು, ಆರಾಮಾಗಿದ್ದೇನೆ.

ಆರಾಮಾಗಿರುವುದು ಪುಡಿಯಿಂದಲ್ಲ, ನೀವು ಮೊದಲು ನುಂಗಿದ ಮಾತ್ರೆಯಿಂದ. ಅದರ ಹಾರ್ಮೋನು ಇನ್ನೂ ರಕ್ತದಲ್ಲಿ ಉಳಿದಿದೆ. ಇಂಥ ಪುಡಿ ಮಾರುವವರ ವ್ಯಾಪಾರ ನಡೆಯುವುದೇ ಈ ಕೆಲವು ವಾರಗಳ ಮೇಲೆ. ಆಮೇಲೆ ಮುಖ ಊದಿ, ಮಲಬದ್ಧತೆಯಾಗಿ, ಮೈ ಭಾರವಾದಾಗ ಅವರು ಫೋನ್ ಎತ್ತುವುದಿಲ್ಲ. ಮಾತ್ರೆ ಇವತ್ತೇ ಶುರುಮಾಡಿ.

ಗರ್ಭಿಣಿ ಅಂತ ಗೊತ್ತಾಯ್ತು. ಮಗುವಿಗೆ ತೊಂದರೆ ಅಂತ ಅತ್ತೆ ಮಾತ್ರೆ ಬಿಡಿಸಿದ್ದಾರೆ.

ತೊಂದರೆ ಆಗುವುದು ಬಿಟ್ಟರೆ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಸಿಗುವುದು ನಿಮ್ಮ ಹಾರ್ಮೋನೇ. ಬಿಡುವುದಿರಲಿ, ಡೋಸನ್ನೇ ನೂರಕ್ಕೆ 25ರಿಂದ 30ರಷ್ಟು ಹೆಚ್ಚಿಸಬೇಕಾಗಬಹುದು. ಸಾಮಾನ್ಯವಾಗಿ ವಾರಕ್ಕೆ ಎರಡು ಮಾತ್ರೆ ಜಾಸ್ತಿ ಕೊಡುತ್ತೇವೆ. ಅದನ್ನು ನೀವೇ ಮಾಡದೆ, ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಟಿಎಸ್‌ಎಚ್ ಮಾಡಿಸಿ. ಐದು ತಿಂಗಳು ಆಗುವವರೆಗೆ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ಬೇಕು. ಇನ್ನು ಸ್ವಲ್ಪ ದಿನಕ್ಕೆ ಐರನ್, ಕ್ಯಾಲ್ಸಿಯಂ ಬರೆದುಕೊಡುತ್ತಾರೆ. ಆಗ ನಾಲ್ಕು ಗಂಟೆಯ ಅಂತರ ಮರೆಯಬೇಡಿ. ಅತ್ತೆಯವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.