2 ಮೀಟರ್ ಗಾಳಿಯಂತ್ರದಿಂದ 1 ಕಿಲೋವ್ಯಾಟ್ ಬರುತ್ತದೆಯೇ?

ಪ್ರಶ್ನೆ: ಚಿತ್ರದುರ್ಗದ ಹತ್ತಿರ ನಮ್ಮ ತೋಟದಲ್ಲಿ 2 ಮೀಟರ್ ವ್ಯಾಸದ, ಮೂರು ರೆಕ್ಕೆಯ ಗಾಳಿಯಂತ್ರ ಹಾಕಿಸೋಣ ಅಂತಿದ್ದೀನಿ. ಮಾರುವವರು "1 ಕಿಲೋವ್ಯಾಟ್ ಮಷೀನ್" ಅಂತಾರೆ. ನಮ್ಮಲ್ಲಿ ಗಾಳಿ ಸಾಮಾನ್ಯವಾಗಿ ಸೆಕೆಂಡಿಗೆ 5 ಮೀಟರ್. ಅಷ್ಟು ಕರೆಂಟ್ ಬರುತ್ತಾ? ರೆಕ್ಕೆ ಆರು ಮಾಡಿಸಿದ್ರೆ ಎರಡರಷ್ಟು ಬರಲ್ವಾ?

ಉತ್ತರ: ಆ ಗಾಳಿಗೆ 1 ಕಿಲೋವ್ಯಾಟ್ ಬರುವುದಿಲ್ಲ. 60 ವ್ಯಾಟ್ ಆಸುಪಾಸು ಬಂದರೆ ಯಂತ್ರ ಚೆನ್ನಾಗಿದೆ ಎಂದು ತಿಳಿಯಿರಿ. ಲೆಕ್ಕದ ಸೂತ್ರ ಇದು:

```
P = 0.5 × ρ × A × v³ × Cp
```

P ಅಂದರೆ ಸಿಗುವ ವ್ಯಾಟ್. ρ ಅಂದರೆ ಗಾಳಿಯ ಸಾಂದ್ರತೆ. ನಿಮ್ಮ ಎತ್ತರಕ್ಕೆ, ಬಿಸಿಲಿಗೆ ಘನ ಮೀಟರಿಗೆ 1.1 ಕೆಜಿ ಹಿಡಿಯಿರಿ. A ಅಂದರೆ ರೆಕ್ಕೆಗಳು ಸುತ್ತುವ ವೃತ್ತದ ವಿಸ್ತೀರ್ಣ, 3.14 ಚದರ ಮೀಟರ್. v ಅಂದರೆ ಗಾಳಿಯ ವೇಗ, ಅದು 5 ಆದರೆ ಅದರ ಘನ 125. ಗುಣಿಸಿದರೆ ಆ ವೃತ್ತದಷ್ಟು ಗಾಳಿಯಲ್ಲಿರುವ ಒಟ್ಟು ಶಕ್ತಿಯೇ 216 ವ್ಯಾಟ್. Cp ಅಂದರೆ ಅದರಲ್ಲಿ ನಮ್ಮ ಕೈಗೆ ಸಿಗುವ ಪಾಲು. ಜನರೇಟರಿನ ನಷ್ಟವನ್ನೂ ಸೇರಿಸಿದರೆ ಸಣ್ಣ ಯಂತ್ರಗಳಲ್ಲಿ ಅದು 0.25ರಿಂದ 0.3. ಇದೇ ಯಂತ್ರ 1 ಕಿಲೋವ್ಯಾಟ್ ಕೊಡಬೇಕಾದರೆ ಗಾಳಿ ಸೆಕೆಂಡಿಗೆ 12 ಮೀಟರಿಗಿಂತ ಜೋರಾಗಿ ಬೀಸಬೇಕು. ಹಾಗಾಗಿ "ಎಷ್ಟು ಗಾಳಿಗೆ 1 ಕಿಲೋವ್ಯಾಟ್?" ಎಂದು ಮಾರುವವರನ್ನು ಮೊದಲು ಕೇಳಿ.

ಎಷ್ಟೇ ಒಳ್ಳೆಯ ರೆಕ್ಕೆ ಮಾಡಿದರೂ Cp 16/27, ಅಂದರೆ 0.593 ದಾಟುವುದಿಲ್ಲ. ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲಿ ಪ್ರಕಟಿಸಿದ ಮಿತಿ ಇದು. ಘರ್ಷಣೆಯೇ ಇಲ್ಲದ ರೆಕ್ಕೆಗೂ ಇದು ಅನ್ವಯಿಸುತ್ತದೆ. ಶಕ್ತಿ ತೆಗೆಯಬೇಕಾದರೆ ಗಾಳಿಯ ವೇಗ ತಗ್ಗಿಸಬೇಕು. ಆದರೆ ತಗ್ಗಿಸಿದಷ್ಟೂ ಚಕ್ರದ ಮುಂದೆ ಒತ್ತಡ ಏರಿ, ಬರುವ ಗಾಳಿಯಲ್ಲಿ ಒಂದು ಪಾಲು ಪಕ್ಕಕ್ಕೆ ಸರಿದು ಹೋಗುತ್ತದೆ. ಪೂರ್ತಿ ನಿಲ್ಲಿಸಹೊರಟರೆ ಅದರ ಬೆನ್ನಿಗೆ ಬರುವ ಗಾಳಿಗೆ ದಾರಿಯೇ ಇರುವುದಿಲ್ಲ. ಇವೆರಡರ ನಡುವೆ ಅತಿ ಹೆಚ್ಚು ಲಾಭದ ಬಿಂದು ಇರುವುದು ಚಕ್ರದ ಹಿಂದೆ ಗಾಳಿಯ ವೇಗ ಮೂರನೇ ಒಂದಕ್ಕೆ ಇಳಿದಾಗ. ಆಗ ಚಕ್ರದ ಕಡೆಗೆ ಬಂದ ಗಾಳಿಯಲ್ಲಿ ಮೂರನೇ ಎರಡು ಭಾಗ ಮಾತ್ರ ಒಳಗೆ ಹಾಯುತ್ತದೆ. ಹಾಯ್ದ ಗಾಳಿಯಿಂದ 8/9 ಶಕ್ತಿ ಸಿಗುತ್ತದೆ. 2/3 × 8/9 = 16/27. ನಿಮ್ಮ 216 ವ್ಯಾಟಿನಲ್ಲಿ ಅದು 128.

ಇನ್ನು ರೆಕ್ಕೆಯ ವಿಷಯ. ಇಲ್ಲಿ ನೋಡಬೇಕಾದ್ದು ರೆಕ್ಕೆಯ ತುದಿ ಗಾಳಿಗಿಂತ ಎಷ್ಟು ಪಟ್ಟು ವೇಗವಾಗಿ ಓಡುತ್ತಿದೆ ಎಂಬುದು. ಇದನ್ನು ಟಿಪ್ ಸ್ಪೀಡ್ ರೇಷಿಯೋ, λ ಎನ್ನುತ್ತಾರೆ. ಮೂರು ರೆಕ್ಕೆಯ ಯಂತ್ರಕ್ಕೆ 6–7 ಹದವಾದದ್ದು. ರೆಕ್ಕೆ ಹೆಚ್ಚಿಸಿದರೆ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುತ್ತದೆ. ನೀರೆತ್ತುವ ಬಹುರೆಕ್ಕೆ ಯಂತ್ರಕ್ಕೆ ಅದೇ ಬೇಕು, ಅಲ್ಲಿ λ ಸುಮಾರು 1. ಆದರೆ ಹಾಗೆ ತಿರುಗಿದಾಗ ಚಕ್ರದ ಹಿಂದಿನ ಗಾಳಿ ಸುಳಿಯಾಗಿ ಸುತ್ತುತ್ತಾ ಶಕ್ತಿಯನ್ನು ಒಯ್ಯುತ್ತದೆ. λ 1 ಇದ್ದರೆ ಆದರ್ಶ ಯಂತ್ರಕ್ಕೂ Cp ಮಿತಿ 0.42ರ ಹತ್ತಿರ. ಆರು ರೆಕ್ಕೆಯಿಂದ ಎರಡರಷ್ಟು ಬರುವುದಿಲ್ಲ. ಬದಲಾಗಿ ನಿಮ್ಮ ಜನರೇಟರಿಗೆ ಬೇಕಾದ ವೇಗವೇ ಸಿಗದೆ ಹೋಗಬಹುದು.

ಹಾಕಿಸಿದ ಮೇಲೆ λ ಅನ್ನು ನೀವೇ ಅಳೆಯಬಹುದು. ಜನರೇಟರಿನಿಂದ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿಗೆ ಹೋಗುವ ಎರಡು ತಂತಿಗೆ ಮಲ್ಟಿಮೀಟರ್ ಹಿಡಿದು ಹರ್ಟ್ಜ್ ಓದಿ. ಅದನ್ನು 120ರಿಂದ ಗುಣಿಸಿ, ಜನರೇಟರಿನ ಪೋಲುಗಳ, ಅಂದರೆ ಅಯಸ್ಕಾಂತ ಧ್ರುವಗಳ, ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಸಿಗುತ್ತದೆ. 12 ಪೋಲಿನಲ್ಲಿ 30 ಹರ್ಟ್ಜ್ ಅಂದರೆ 300 ಸುತ್ತು. ನಿಮ್ಮ ರೆಕ್ಕೆಯ ತುದಿ ಆಗ ಸೆಕೆಂಡಿಗೆ 31.4 ಮೀಟರ್ ಓಡುತ್ತದೆ. ಗಾಳಿ 5 ಇದ್ದರೆ λ 6.3, ಹದವಾಗಿದೆ. ಅದೇ ಹೊತ್ತಿಗೆ ಗಾಳಿಯನ್ನೂ ಚಕ್ರದ ಎತ್ತರದಲ್ಲೇ ಅಳೆಯಿರಿ.

ಅನೇಕ ಯಂತ್ರಗಳು ಸೋಲುವುದು λ ಹದ ತಪ್ಪಿದಾಗಲೇ. ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಅದರ ವೋಲ್ಟೇಜು ಜನರೇಟರಿನ ವೇಗವನ್ನು ಹೆಚ್ಚುಕಡಿಮೆ ಕಟ್ಟಿಹಾಕುತ್ತದೆ. ಗಾಳಿ 10ಕ್ಕೆ ಏರಿದರೂ ಚಕ್ರ 330 ಸುತ್ತಿನಲ್ಲೇ ಉಳಿದರೆ λ 3.5ಕ್ಕೆ ಬೀಳುತ್ತದೆ, ರೆಕ್ಕೆಯ ಮೇಲ್ಮೈಯಿಂದ ಗಾಳಿ ಕಿತ್ತುಕೊಂಡು ಸ್ಟಾಲ್ ಆಗುತ್ತದೆ. ಗಾಳಿ ಜೋರಾಗಿದ್ದರೂ ಕರೆಂಟ್ ಅದಕ್ಕೆ ತಕ್ಕಷ್ಟು ಏರದಿದ್ದರೆ ಇದೇ ಕಾರಣವಿರಬಹುದು. ವೇಗಕ್ಕೆ ತಕ್ಕಂತೆ ಲೋಡ್ ಬದಲಿಸುವ, ಗಾಳಿಯಂತ್ರಕ್ಕೆಂದೇ ಮಾಡಿದ ಎಂಪಿಪಿಟಿ ಕಂಟ್ರೋಲರ್ ಇದ್ದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಸೋಲಾರ್‌ನದ್ದನ್ನು ಹಾಗೇ ಹಾಕಬೇಡಿ.

ಇದಕ್ಕಿಂತ ಅಪಾಯಕಾರಿ, ಬ್ಯಾಟರಿಯ ತಂತಿ ಬಿಟ್ಟುಹೋಗುವುದು. ಲೋಡ್ ಇಲ್ಲದ ಚಕ್ರದ λ 10 ಮುಟ್ಟಿದರೆ, 12 ಮೀಟರ್ ಗಾಳಿಗೆ ತುದಿಯ ವೇಗ ಸೆಕೆಂಡಿಗೆ 120 ಮೀಟರ್. ರೆಕ್ಕೆ ಮುರಿದು ಹಾರುವುದು ಇಂಥ ಹೊತ್ತಿನಲ್ಲೇ. ಹೆಚ್ಚಾದ ಕರೆಂಟನ್ನು ಶಾಖವಾಗಿ ಸುಟ್ಟುಹಾಕುವ ಡಂಪ್ ಲೋಡ್ ಮತ್ತು ಜೋರು ಗಾಳಿಗೆ ಚಕ್ರವನ್ನು ಪಕ್ಕಕ್ಕೆ ತಿರುಗಿಸುವ ಬಾಲ, ಇವೆರಡರಲ್ಲಿ ಒಂದಿಲ್ಲದಿದ್ದರೂ ಆ ಯಂತ್ರ ಕೊಳ್ಳಬೇಡಿ.