ಇಲಿ ಕಡಿದ ಮೂಟೆಯಿಂದ ಏನನ್ನು ಉಳಿಸಿಕೊಳ್ಳಬಹುದು?

“ಉಗ್ರಾಣದಲ್ಲಿದ್ದ ರಾಗಿ ಮೂಟೆಯ ಮೂಲೆಯನ್ನು ಇಲಿ ಕಡಿದಿದೆ, ಸುತ್ತ ಹಿಕ್ಕೆ ಬಿದ್ದಿದೆ. ಜರಡಿ ಹಿಡಿದು, ತೊಳೆದು, ಒಣಗಿಸಿ ಹಿಟ್ಟು ಮಾಡಿಸಬಹುದೇ? ಅಲ್ಲೇ ಇದ್ದ ಬೇಳೆ, ಎಣ್ಣೆ, ಡಬ್ಬಿಗಳನ್ನು ಏನು ಮಾಡಲಿ?” – ಶಿಡ್ಲಘಟ್ಟದಿಂದ

ಆ ಮೂಟೆಯ ರಾಗಿಯನ್ನು ಊಟಕ್ಕೆ ಬಳಸಬೇಡಿ. ಕೋಲಾರದಲ್ಲಿ ದಿನಸಿ ಅಂಗಡಿ ನೋಡಿಕೊಳ್ಳುವ ನನಗೆ ಒಂದು ಮೂಟೆ ರಾಗಿಯನ್ನು ಕೈಬಿಡುವ ಸಂಕಟ ಚೆನ್ನಾಗಿ ಗೊತ್ತಿದೆ, ಆದರೂ ಇದನ್ನೇ ಹೇಳುತ್ತೇನೆ.

ಜರಡಿಯಲ್ಲಿ ಇಡೀ ಹಿಕ್ಕೆ ಮೇಲೆ ನಿಲ್ಲುತ್ತದೆ, ಆದರೆ ಪುಡಿಯಾದ ಹಿಕ್ಕೆ ರಾಗಿಯ ಜೊತೆಯಲ್ಲೇ ಕೆಳಗೆ ಇಳಿದುಬಿಡುತ್ತದೆ. ಮೂತ್ರವಂತೂ ಗೋಣಿಯೊಳಗೆ ಇಂಗಿ ಒಣಗಿರುವುದರಿಂದ ಎಲ್ಲಿಯವರೆಗೆ ಕೆಟ್ಟಿದೆ, ಎಲ್ಲಿಂದ ಶುದ್ಧವಾಗಿದೆ ಎಂಬ ಗೆರೆ ಕಣ್ಣಿಗೆ ಕಾಣುವುದಿಲ್ಲ. ತೊಳೆದರೆ ಮೂಲೆಯಲ್ಲಿದ್ದ ಸಾಲ್ಮೊನೆಲ್ಲಾದಂತಹ ರೋಗಾಣು ಅದೇ ನೀರಿನಲ್ಲಿ ಎಲ್ಲ ಕಾಳಿಗೂ ಹರಡುತ್ತದೆ. ಮುದ್ದೆ ಬೇಯುವಾಗ ರೋಗಾಣು ಸಾಯುತ್ತದೆಯಲ್ಲ ಎಂದು ಹಲವರು ವಾದಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಬೇಯುವುದಕ್ಕೆ ಮೊದಲು ಆ ಹಸಿ ಕಾಳು ಊರಿನ ಗಿರಣಿಗೆ ಹೋಗುತ್ತದೆ, ಕಲ್ಲಿನಲ್ಲಿ ಉಳಿದ ಹಿಟ್ಟು ಮುಂದಿನವರ ಹಿಟ್ಟಿಗೆ ಸೇರುತ್ತದೆ. ಇದಲ್ಲದೆ ತೇವದಿಂದ ಬೂಷ್ಟು ಹಿಡಿದಿದ್ದರೆ ಅದರ ವಿಷ ಬೇಯಿಸಿದರೂ ಹೋಗದು. ಇಲಿ ಪಾಷಾಣ ಇಟ್ಟಿದ್ದರಂತೂ ಇನ್ನಷ್ಟು ಎಚ್ಚರ ಬೇಕು: ಬೂದುಗಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ತೇವ ತಗುಲಿದರೆ ವಿಷಾನಿಲ ಬಿಡುತ್ತದೆ, ಆದ್ದರಿಂದ ಅಂತಹ ಕಾಳಿಗೆ ನೀರು ಹಾಕಲೇಬಾರದು.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಮತ್ತು ಸೀಲ್ ಒಡೆಯದ ಗಾಜಿನ ಬಾಟಲಿಗಳು ಉಳಿಯುತ್ತವೆ. ಅವುಗಳನ್ನು ತೆರೆಯುವ ಮೊದಲೇ ಹೊರಮೈಯನ್ನು ಸೋಪಿನಿಂದ ತೊಳೆದು, ಬ್ಲೀಚ್ ದ್ರಾವಣದಿಂದ ಒರೆಸಿ ಒಣಗಿಸಿ, ಇಲ್ಲವಾದರೆ ಮುಚ್ಚಳದ ಅಂಚಿನ ಕೊಳೆ ಒಳಗೆ ಬೀಳುತ್ತದೆ. ಬೇಳೆ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು, ಮೆಲ್ಲಗೆ ಅದುಮಿ ನೋಡಿ. ಹಲ್ಲಿನ ಗುರುತು, ಸೂಜಿಮೊನೆಯಷ್ಟು ತೂತು, ಗಾಳಿ ಸೋರುವಿಕೆ ಅಥವಾ ಮೂತ್ರದ ಕಲೆ, ಇವುಗಳಲ್ಲಿ ಯಾವುದಿದ್ದರೂ ಎಸೆಯಿರಿ. ಎಣ್ಣೆ ಪ್ಯಾಕೆಟ್ ಹೊರಗೆ ಜಿಡ್ಡಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕಾಗದ ಅಥವಾ ರಟ್ಟಿನ ಪೊಟ್ಟಣಗಳು ಮೂತ್ರವನ್ನು ಹೀರಿಕೊಳ್ಳುವುದರಿಂದ ಅವುಗಳಲ್ಲಿರುವುದನ್ನು ಉಳಿಸಲು ಹೋಗಬೇಡಿ.

ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಿದರೆ ಅದರ ಧೂಳು ಉಸಿರಿನೊಳಗೆ ಹೋಗುತ್ತದೆ. ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆ ಹೊರಗಿದ್ದು, ನಂತರ ಕೈಗವಸು, ಮಾಸ್ಕ್ ಹಾಕಿಕೊಂಡು, ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಭಾಗ ನೀರು ಸೇರಿಸಿ ಹಿಕ್ಕೆ ನೆನೆಯುವಂತೆ ಚಿಮುಕಿಸಿ. ಐದು ನಿಮಿಷ ಬಿಟ್ಟು ಕಾಗದದಿಂದ ಒರೆಸಿ ಚೀಲಕ್ಕೆ ಹಾಕಿ ಕಟ್ಟಿಬಿಡಿ. ಪಾಷಾಣದ ಪುಡಿ ಚೆಲ್ಲಿದ ಜಾಗಕ್ಕೆ ಮಾತ್ರ ಈ ನೀರನ್ನು ಚಿಮುಕಿಸಬೇಡಿ.

ನಿಮಗೆ ಹೊಲವಿದ್ದು, ಪಾಷಾಣ ಇಟ್ಟಿಲ್ಲವೆಂಬುದು ಖಚಿತವಾಗಿದ್ದರೆ, ತೂತಿನಿಂದ ದೂರವಿರುವ ಒಣ ಕಾಳನ್ನು ಬಿತ್ತನೆಗೆ ಬೇರೆಯಾಗಿ ಇಡಬಹುದು. ಬಿತ್ತುವಾಗಲೂ ಕೈಗವಸು ಇರಲಿ. ಉಳಿದದ್ದನ್ನು ಕೋಳಿಗೂ ಹಾಕಬೇಡಿ, ಏಕೆಂದರೆ ಅದೇ ರೋಗಾಣು ಕೋಳಿಯ ಮೂಲಕ ಮೊಟ್ಟೆಗೆ ಬರಬಹುದು.