ದಾಖಲೆ ಬೆಲೆಯಲ್ಲಿರುವ ಷೇರು: ಈಗ ಕೊಳ್ಳಬಹುದಾ?

ಪ್ರಶ್ನೆ: ಒಂದು ವರ್ಷದಿಂದ ಒಂದು ಷೇರಿನ ಮೇಲೆ ಕಣ್ಣಿಟ್ಟಿದ್ದೆ. ಇಳಿಯಲಿ, ಆಮೇಲೆ ಕೊಳ್ಳೋಣ ಅಂತ ಕಾದೆ, ಅದು ಏರುತ್ತಲೇ ಹೋಯ್ತು. ಈಗ ಹಿಂದೆಂದೂ ಇಲ್ಲದ ಬೆಲೆಯಲ್ಲಿದೆ. ಐದು ವರ್ಷ ಮುಟ್ಟದೆ ಇಡಬಹುದಾದ ದುಡ್ಡಿದೆ. ಈಗ ಕೊಳ್ಳಲಾ, ಇನ್ನೂ ಕಾಯಲಾ?

ಉತ್ತರ: ಗೆಳೆಯಾ, ದಾಖಲೆ ಬೆಲೆ ಅನ್ನೋ ಒಂದೇ ಕಾರಣಕ್ಕೆ ಬಿಡಬೇಡ. ಅದೊಂದೇ ಕಾರಣಕ್ಕೆ ಕೊಳ್ಳಲೂ ಬೇಡ.

ಮೈಕ್ರೋಸಾಫ್ಟ್ ಷೇರನ್ನೇ ನೋಡು. 1999ರ ಕೊನೆಯಲ್ಲಿ ಅದು ದಾಖಲೆ ಬೆಲೆಯಲ್ಲಿತ್ತು, ನಂತರದ ಷೇರು ವಿಭಜನೆಯನ್ನೂ ಲೆಕ್ಕಕ್ಕೆ ತಗೊಂಡರೆ ಸುಮಾರು 60 ಡಾಲರ್. ಅವತ್ತು ಕೊಂಡವರು ಆ ಬೆಲೆಯನ್ನು ಮತ್ತೆ ನೋಡಿದ್ದು 2016ರಲ್ಲಿ. ನಡುವೆ ಸಿಕ್ಕ ಡಿವಿಡೆಂಡ್ ಬಿಟ್ಟರೆ ಹೆಚ್ಚುಕಡಿಮೆ 17 ವರ್ಷ ಕೈಗೇನೂ ಬರಲಿಲ್ಲ. ಆದರೆ 2016ರಲ್ಲಿ, ಮತ್ತೆ ದಾಖಲೆ ಅನ್ನಿಸಿಕೊಂಡ ಅದೇ 60 ಡಾಲರ್‌ಗೆ ಕೊಂಡವರ ದುಡ್ಡು ಐದು ವರ್ಷದಲ್ಲಿ ಐದು ಪಟ್ಟಾಯಿತು. ಕಂಪನಿಯೂ ಅದೇ, ಬೆಲೆಯೂ ಅದೇ, ಎರಡು ಸಲವೂ ದಾಖಲೆಯೇ. ಬದಲಾಗಿದ್ದು ಆ ಬೆಲೆಯ ಒಳಗೆ ಇದ್ದದ್ದು.

ಷೇರಿನ ಬೆಲೆ ಅಂದರೆ ಎರಡು ಸಂಖ್ಯೆಗಳ ಗುಣಾಕಾರ. ಒಂದು, ಪ್ರತಿ ಷೇರಿಗೆ ಕಂಪನಿ ವರ್ಷಕ್ಕೆ ಗಳಿಸುವ ಲಾಭ, ಅದೇ ಇಪಿಎಸ್. ಇನ್ನೊಂದು, ಆ ಲಾಭಕ್ಕೆ ಜನ ಎಷ್ಟು ಪಟ್ಟು ಕೊಡಲು ತಯಾರಿದ್ದಾರೆ ಅನ್ನೋದು, ಅದೇ ಪಿಇ. 1999ರಲ್ಲಿ ಮೈಕ್ರೋಸಾಫ್ಟಿಗೆ ಜನ 60 ಪಟ್ಟಿಗಿಂತ ಜಾಸ್ತಿ ಕೊಡುತ್ತಿದ್ದರು, 2016ರಲ್ಲಿ ಅದರ ಅರ್ಧವೂ ಇರಲಿಲ್ಲ. ಆ 17 ವರ್ಷದಲ್ಲಿ ಲಾಭ ಬೆಳೆಯಿತು, ಆದರೆ ಬೆಳೆದದ್ದನ್ನೆಲ್ಲ ಇಳಿಯುತ್ತಿದ್ದ ಪಿಇ ತಿಂದುಹಾಕಿತು.

ಹಾಗಾಗಿ ನಿನ್ನ ಷೇರು ಏರಿದ್ದು ಯಾವುದರಿಂದ ಅಂತ ಮೊದಲು ಬಿಡಿಸಿ ನೋಡು. ಐದು ವರ್ಷದಲ್ಲಿ ಬೆಲೆ 100ರಿಂದ 300 ಆಗಿದೆ ಅಂದುಕೋ. ಇಪಿಎಸ್ 5ರಿಂದ 15 ಆಗಿದ್ದರೆ ಪಿಇ ಆಗಲೂ 20, ಈಗಲೂ 20. ಏರಿದ್ದೆಲ್ಲ ಲಾಭದಿಂದಲೇ. ಇಂಥ ಷೇರು ದುಬಾರಿ ಆಗಿಲ್ಲ, ಕಂಪನಿ ದೊಡ್ಡದಾಗಿದೆ ಅಷ್ಟೇ. ಅದೇ ಇಪಿಎಸ್ 5ರಿಂದ ಬರೀ 7.5 ಆಗಿದ್ದರೆ ಪಿಇ 20ರಿಂದ 40 ಆಗಿದೆ ಅಂತ ಅರ್ಥ. ಲಾಭ ಒಂದೂವರೆ ಪಟ್ಟು, ಬೆಲೆ ಮೂರು ಪಟ್ಟು. ಉಳಿದದ್ದು ಜನರ ಹುಮ್ಮಸ್ಸು.

ಈ ಎರಡನೇ ಷೇರನ್ನು ಈಗ 300ಕ್ಕೆ ಕೊಂಡೆ ಅಂತಿಟ್ಕೋ. ವರ್ಷಕ್ಕೆ 10 ಪರ್ಸೆಂಟ್ ಆದಾಯ ಬೇಕಾದರೆ ಐದು ವರ್ಷಕ್ಕೆ ಬೆಲೆ ಸುಮಾರು 483 ಆಗಬೇಕು. ಹುಮ್ಮಸ್ಸು ಸ್ವಲ್ಪ ಇಳಿದು ಪಿಇ 25ಕ್ಕೆ ಬಂದರೆ, 483 ಆಗೋಕೆ ಇಪಿಎಸ್ 19ರ ಮೇಲಿರಬೇಕು. ಅಂದರೆ ಲಾಭ ಪ್ರತಿ ವರ್ಷ 21 ಪರ್ಸೆಂಟ್ ಬೆಳೀಬೇಕು. ಇಲ್ಲಿವರೆಗೆ ಬೆಳೆದದ್ದು ವರ್ಷಕ್ಕೆ ಎಂಟು ಚಿಲ್ಲರೆ ಮಾತ್ರ! ಅದೇ ವೇಗದಲ್ಲಿ ಹೋದರೆ ಐದು ವರ್ಷದ ಮೇಲೆ ಇಪಿಎಸ್ 11.25, ಬೆಲೆ 281. ಕಂಪನಿ ಚೆನ್ನಾಗೇ ನಡೆದಿರುತ್ತದೆ, ನಿನಗೆ ಮಾತ್ರ ನಷ್ಟ. ಮೊದಲನೇ ಷೇರಲ್ಲಿ ಹಾಗಲ್ಲ. ಲಾಭದ ಬೆಳವಣಿಗೆ ಅರ್ಧಕ್ಕೆ ಇಳಿದು ವರ್ಷಕ್ಕೆ 12 ಪರ್ಸೆಂಟ್ ಆದರೂ, ಪಿಇ 20ರಲ್ಲೇ ನಿಂತರೆ ಬೆಲೆ 500 ದಾಟುತ್ತದೆ.

ಒಂದು ಕಡೆ ಈ ಲೆಕ್ಕ ಮೋಸ ಮಾಡುತ್ತದೆ, ಅದನ್ನು ಹೇಳಲೇಬೇಕು. ಉಕ್ಕು, ಸಕ್ಕರೆ, ಹಡಗು ಸಾಗಣೆಯಂಥ ಏರಿಳಿತದ ಉದ್ಯಮಗಳಲ್ಲಿ ಲಾಭವೇ ಶಿಖರದಲ್ಲಿದ್ದಾಗ ಪಿಇ 5, 6 ಅಂತ ಅಗ್ಗವಾಗಿ ಕಾಣುತ್ತದೆ. ಮರುವರ್ಷ ಸರಕಿನ ಬೆಲೆ ಬಿದ್ದರೆ ಲಾಭವೂ ಬೀಳುತ್ತದೆ, ಷೇರೂ ಬೀಳುತ್ತದೆ. ನಿನ್ನದು ಅಂಥ ಕಂಪನಿಯಾದರೆ ಈ ವರ್ಷದ ಲಾಭ ನಂಬಬೇಡ, ಏಳೆಂಟು ವರ್ಷದ ಸರಾಸರಿ ತಗೊಂಡು ಪಿಇ ಲೆಕ್ಕ ಹಾಕು. ಬೇರೆ ಯಾವ ಕಂಪನಿಯಾದರೂ ಸರಿ, ಜಮೀನು ಮಾರಿ ಬಂದ ಲಾಭ ಅಂಥದ್ದು ಸೇರಿದ್ದರೆ ಕಳೆದುಬಿಡು. ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ನಗದು ವರ್ಷಗಟ್ಟಲೆ ಲಾಭಕ್ಕಿಂತ ತುಂಬಾ ಕಡಿಮೆ ಇದ್ದರೆ, ಆ ಇಪಿಎಸ್ ಮೇಲೆ ಯಾವ ಲೆಕ್ಕವನ್ನೂ ಕಟ್ಟಬೇಡ.

ಇನ್ನು ಕಾಯೋ ವಿಷಯ. ಸುಮ್ನೆ "ಹಳೇ ಬೆಲೆಗೆ ಇಳಿಯಲಿ" ಅಂತ ಕಾಯಬೇಡ. ಲಾಭ ಮೂರು ಪಟ್ಟಾದ ಕಂಪನಿಯ ಷೇರು ಯಾಕೆ ಹಳೇ ಬೆಲೆಗೆ ಬರಬೇಕು? ಲೆಕ್ಕ ಹೊಂದಿದರೆ ದುಡ್ಡನ್ನು ಮೂರು ಪಾಲು ಮಾಡು. ಒಂದು ಪಾಲು ಈಗ ಹಾಕು, ಉಳಿದೆರಡನ್ನು ಮುಂದಿನ ಎರಡು ತ್ರೈಮಾಸಿಕ ಫಲಿತಾಂಶ ನೋಡಿ. ಲೆಕ್ಕ ಹೊಂದದಿದ್ದರೆ ಎಷ್ಟು ಬೆಲೆಗೆ ಹೊಂದುತ್ತದೆ ಅಂತ ಬರೆದಿಡು, ಅಲ್ಲಿಗೆ ಬಂದಾಗ ನೋಡು.

ಕಂಪನಿಯ ಹೆಸರನ್ನೇ ನೀನು ಬರೆದಿಲ್ಲ. ಅದರ ಜೊತೆ ಐದು ವರ್ಷದ ಇಪಿಎಸ್, ನಗದು ಹರಿವು ಎರಡನ್ನೂ ಕಳಿಸು, ಭಾನುವಾರ ಫೋನಲ್ಲಿ ಕೂತು ಬಿಡಿಸೋಣ.